ಗೋಡೆಯೊಳಗಿನ ಪೈಪು, ಕೈಗೆ ಸಿಗುವ ಜಾಯಿಂಟು: ಟೈಲ್ಸ್ ಒಡೆಯದೆ ಸೋರಿಕೆ ಸರಿಪಡಿಸುವ ಏರ್ಪಾಡು

ಪ್ರಶ್ನೆ: ಹೊಸ ಮನೆಯ ಬಾತ್‌ರೂಮಿಗೆ ಪೈಪು ಹಾಕಿಸುವ ಹಂತದಲ್ಲಿದ್ದೇವೆ. ಸಿಪಿವಿಸಿ ಪೈಪು ಸೋರುವುದೇ ಇಲ್ಲ, ಎಲ್ಲವನ್ನೂ ಗೋಡೆಯೊಳಗೇ ಹಾಕೋಣ ಎಂದು ಪ್ಲಂಬರ್ ಹೇಳುತ್ತಾರೆ. ಹಳೆಯ ಮನೆಯಲ್ಲಿ ಒಂದು ಸೋರಿಕೆಗಾಗಿ ಅರ್ಧ ಗೋಡೆಯ ಟೈಲ್ಸ್ ಒಡೆಸಿ, ಆಮೇಲೆ ಅದೇ ಬಣ್ಣ ಸಿಗದೆ ಒದ್ದಾಡಿದ್ದೇವೆ. ಪೈಪನ್ನು ಹೊರಗೆ ಕಾಣುವಂತೆ ಹಾಕಿಸುವುದೇ ಒಳ್ಳೆಯದೆ? ಗೋಡೆಯೊಳಗೆ ಹಾಕಿಸಿದರೆ ರಿಪೇರಿಗೆ ಮುಚ್ಚಳವನ್ನು ಎಲ್ಲಿ, ಎಷ್ಟು ದೊಡ್ಡದಾಗಿ ಬಿಡಿಸಬೇಕು? ಬಾತ್‌ರೂಂ 8 ಅಡಿಗೆ 5 ಅಡಿ ಇದೆ. ಷವರ್ ಬರುವ ಗೋಡೆಯ ಹಿಂಬದಿಗೆ ಮಲಗುವ ಕೋಣೆಯ ವಾರ್ಡ್‌ರೋಬ್ ಬರುತ್ತದೆ. ಟೈಲ್ಸ್ 600 × 300 ಮಿ.ಮೀ. ಅಳತೆಯವು.

ಉತ್ತರ: ಇಡೀ ಬಾತ್‌ರೂಮಿಗೆ ಒಂದೇ ಪದ್ಧತಿಯನ್ನು ಆರಿಸಲೇಬೇಕೆಂದಿಲ್ಲ. ಗೋಡೆಯೊಳಗೆ ಜಾಯಿಂಟ್ ಇಲ್ಲದ ನೇರ ಪೈಪು ಹೋಗಲಿ. ಜಾಯಿಂಟು, ವಾಲ್ವು ಮತ್ತು ಒಳಗೆ ಚಲಿಸುವ ಭಾಗವಿರುವ ಪ್ರತಿಯೊಂದು ವಸ್ತುವೂ ಟೈಲ್ಸ್ ಮುಟ್ಟದೆ ಕೈಗೆ ಸಿಗುವ ಜಾಗದಲ್ಲಿರಲಿ. ಷವರ್ ಗೋಡೆಯ ಹಿಂದೆ ವಾರ್ಡ್‌ರೋಬ್ ಬರುತ್ತದೆ ಎಂಬ ಒಂದು ಮಾತಿನಿಂದಲೇ ನಿಮ್ಮ ಕೆಲಸ ಅರ್ಧ ಹಗುರವಾಗಿದೆ, ಏಕೆಂದರೆ ಅತ್ಯಂತ ಮುಖ್ಯವಾದ ಮುಚ್ಚಳವನ್ನು ನೀರು ತಾಗದ ಒಣ ಬದಿಯಲ್ಲೇ ಇಡಬಹುದು.

ನಿಮ್ಮ ಪ್ಲಂಬರ್ ಹೇಳಿದ ಮಾತು ಅರ್ಧ ನಿಜ. ಒಳ್ಳೆಯ ಸಿಪಿವಿಸಿ ಪೈಪಿನ ನೇರ ಭಾಗ, ಯಾರೂ ಅದಕ್ಕೆ ಡ್ರಿಲ್ ಅಥವಾ ಮೊಳೆ ಹೊಡೆಯದಿದ್ದರೆ, ಸೋರುವುದು ಬಹಳ ಅಪರೂಪ. ಸೋರುವುದು ಜಾಯಿಂಟು. ಜಾಯಿಂಟುಗಳಲ್ಲೂ ಹೆಚ್ಚು ತೊಂದರೆ ಕೊಡುವುದು ನಲ್ಲಿ ಕೂರುವ ಜಾಗದ ಎಲ್ಬೋ, ಅಂದರೆ ಒಂದು ಬದಿಯಲ್ಲಿ ಸಾಲ್ವೆಂಟ್ ಅಂಟಿನಿಂದ ಪೈಪಿಗೆ ಕೂಡಿಕೊಂಡು ಇನ್ನೊಂದು ಬದಿಯಲ್ಲಿ ಹಿತ್ತಾಳೆಯ ಥ್ರೆಡ್ ಇರುವ ತುಂಡು. ಅದರ ಪ್ಲಾಸ್ಟಿಕ್ಕಿನೊಳಗೆ ಹಿತ್ತಾಳೆಯ ಬಳೆಯನ್ನು ಕೂರಿಸಿರುತ್ತಾರೆ. ನಲ್ಲಿ ಹಾಕುವವರು ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿ, ಉದ್ದದ ಸ್ಪ್ಯಾನರಿನಿಂದ ಕೊನೆಯ ಅರ್ಧ ಸುತ್ತನ್ನು ಬಲವಾಗಿ ಬಿಗಿದರೆ ಆ ಬಳೆ ತನ್ನ ಸುತ್ತಲಿನ ಪ್ಲಾಸ್ಟಿಕ್ಕನ್ನು ಒಳಗಿನಿಂದ ಹಿಗ್ಗಿಸುತ್ತದೆ. ಅಂದು ಏನೂ ಕಾಣಿಸುವುದಿಲ್ಲ. ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ, ಎಲ್ಬೋದ ಬಾಯಿಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಹಳೆಯ ನಲ್ಲಿ ಬಿಚ್ಚಿ ಹೊಸದು ಹಾಕುವಾಗಲೂ ಹೀಗೆಯೇ: ಅಂಟಿಕೊಂಡ ಥ್ರೆಡ್ಡನ್ನು ತಿರುಗಿಸುವ ಬಲವೆಲ್ಲ ಗೋಡೆಯೊಳಗಿನ ಎಲ್ಬೋದ ಮೇಲೆ ಬೀಳುತ್ತದೆ.

ಎರಡನೆಯ ಕಾರಣ ಬಿಸಿನೀರು. ಸಿಪಿವಿಸಿ ಪೈಪು ಬಿಸಿಯಾದಾಗ ಉದ್ದವಾಗುತ್ತದೆ. 3 ಮೀಟರ್ ನೇರ ಪೈಪು 35 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು 6ರಿಂದ 7 ಮಿ.ಮೀ. ಬೆಳೆಯುತ್ತದೆ. ಗ್ರೂವಿನೊಳಗೆ ಸಿಮೆಂಟ್ ಗಾರೆ ಪೈಪನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೆ ಈ ಬೆಳವಣಿಗೆಗೆ ಜಾಗವಿರುವುದಿಲ್ಲ, ಆ ಒತ್ತಡ ತುದಿಯ ಎಲ್ಬೋ ಮೇಲೆ ಹೋಗಿ ಕೂರುತ್ತದೆ. ಅಂಟು ಸರಿಯಾಗಿ ಹಿಡಿಯದ ಜಾಯಿಂಟ್, ಅಂದರೆ ಪೈಪಿನ ತುದಿಯ ಧೂಳು ಒರೆಸದೆ ಅಥವಾ ಪೈಪನ್ನು ಫಿಟ್ಟಿಂಗಿನ ತಳದವರೆಗೆ ತಳ್ಳದೆ ಕೂಡಿಸಿದ್ದು, ಮೊದಲು ಬಿಡುವುದು ಇಂಥ ಕಡೆಯೇ. ಆದ್ದರಿಂದ ಗೋಡೆಯೊಳಗೆ ಹೋಗುವ ಬಿಸಿನೀರಿನ ಪೈಪಿಗೆ ಫೋಮ್ ಕವಚ ಹಾಕಿ, ಪೈಪಿನ ಸುತ್ತ ಒಂದಿಷ್ಟು ಸಡಿಲ ಉಳಿಯುವಂತೆ ಮುಚ್ಚಬೇಕು. ಕವಚ ಸಿಪಿವಿಸಿಗೆ ಹೊಂದುವಂಥದ್ದೇ ಎಂದು ಕೇಳಿ ಕೊಳ್ಳಿ, ಏಕೆಂದರೆ ಕೆಲವು ಮೆತು ಪ್ಲಾಸ್ಟಿಕ್ಕುಗಳಲ್ಲಿರುವ ರಾಸಾಯನಿಕ ಸಿಪಿವಿಸಿಯನ್ನೇ ಹಾಳುಮಾಡುತ್ತದೆ.

ಹಾಗಾದರೆ ಎಲ್ಲವನ್ನೂ ಹೊರಗೇ ಹಾಕಿದರೆ? ರಿಪೇರಿಯ ದೃಷ್ಟಿಯಿಂದ ಅದಕ್ಕೆ ಸಮನಾದದ್ದಿಲ್ಲ: ಹನಿ ಎಲ್ಲಿಂದ ಬೀಳುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ, ಸ್ವಲ್ಪ ಹೊತ್ತಿನಲ್ಲಿ ಜಾಯಿಂಟ್ ಬದಲಾಯಿಸಬಹುದು. ಪೈಪುಗಳು ಮಹಡಿಯಿಂದ ಮಹಡಿಗೆ ಇಳಿಯುವ ಡಕ್ಟಿನಲ್ಲಿ, ತಾರಸಿಯಲ್ಲಿ, ಬಟ್ಟೆ ಒಗೆಯುವ ಜಾಗದಲ್ಲಿ ನಾನು ಬೇರೆ ಪದ್ಧತಿಯನ್ನು ಸೂಚಿಸುವುದೇ ಇಲ್ಲ; ತಾರಸಿಯಲ್ಲಿ ಮಾತ್ರ ಬಿಸಿಲಿಗೆ ಪೈಪು ಪೆಡಸಾಗದಂತೆ ನೀರು ಆಧಾರಿತ ಬಣ್ಣ ಬಳಿಯಬೇಕು ಅಥವಾ ಹೊದಿಕೆ ಹಾಕಬೇಕು. ಬಾತ್‌ರೂಮಿನೊಳಗೆ ಬಂದರೆ ಹೊರಗಿನ ಪೈಪಿನ ಹಿಂದೆ ಸೋಪಿನ ಜಿಡ್ಡು ಕೂರುತ್ತದೆ, ಬಿಸಿನೀರಿನ ಪೈಪು ಮೈಗೆ ತಾಗುತ್ತದೆ, ಕ್ಲಾಂಪಿಗೆಂದು ಹತ್ತಾರು ಕಡೆ ಟೈಲ್ಸಿಗೇ ರಂಧ್ರ ಹೊಡೆಯಬೇಕಾಗುತ್ತದೆ, ಷವರ್ ಜಾಗದಲ್ಲಿ ಆ ಒಂದೊಂದು ರಂಧ್ರವೂ ಗೋಡೆಯೊಳಗೆ ನೀರಿಳಿಯುವ ದಾರಿಯಾಗುತ್ತದೆ. ಇದನ್ನೆಲ್ಲ ತೂಗಿ ನೋಡಿದರೆ, ನಿಮ್ಮ ಬಾತ್‌ರೂಮಿನಲ್ಲಿ ಅಡ್ಡ ಪೈಪುಗಳನ್ನು ಫಾಲ್ಸ್ ಸೀಲಿಂಗಿನ ಮೇಲೆ ಗೋಡೆಯ ಹೊರಗೆ ಕ್ಲಾಂಪ್ ಹಾಕಿ ಓಡಿಸಿ, ಅಲ್ಲಿಂದ ನೇರ ಕೆಳಗಿಳಿಯುವ ಪೈಪುಗಳನ್ನು ಮಾತ್ರ ಗೋಡೆಯೊಳಗೆ ಕಳಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಇದರಿಂದ ಆಗುವ ಪ್ರಯೋಜನವನ್ನು ಸ್ವಲ್ಪ ವಿವರವಾಗಿ ನೋಡೋಣ. ವಾಡಿಕೆಯಲ್ಲಿ ಅಡ್ಡ ಪೈಪನ್ನು ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ ಗೋಡೆ ಕೊರೆದು ಸುತ್ತಲೂ ಒಯ್ಯುತ್ತಾರೆ, ಪ್ರತಿ ನಲ್ಲಿಗೂ ಅದರಿಂದ ಒಂದು ಟೀ, ಅಂದರೆ ಮೂರು ಬಾಯಿಯ ಕವಲು ತುಂಡು, ತೆಗೆಯುತ್ತಾರೆ. ನಾಲ್ಕು ಮೂಲೆಯ ಎಲ್ಬೋ, ಐದಾರು ಟೀ, ಅವುಗಳ ಎರಡೂ ಮೂರೂ ಬಾಯಿಗಳು, ಎಲ್ಲವೂ ಟೈಲ್ಸಿನ ಹಿಂದೆ ಸೇರಿಬಿಡುತ್ತವೆ. ಅದೇ ಟೀಗಳೂ ಎಲ್ಬೋಗಳೂ ಸೀಲಿಂಗಿನ ಮೇಲಿದ್ದರೆ ಗೋಡೆಯೊಳಗೆ ಪ್ರತಿ ನಲ್ಲಿಗೆ ಒಂದೇ ಒಂದು ಎಲ್ಬೋ ಉಳಿಯುತ್ತದೆ. ಸೀಲಿಂಗ್ 2250 ಮಿ.ಮೀ. ಎತ್ತರದಲ್ಲಿದ್ದರೆ ಅಲ್ಲಿಂದ ನೆಲದ ಹತ್ತಿರದ ನಲ್ಲಿಯವರೆಗೂ ಪೈಪಿನ ಒಂದೇ ತುಂಡು ಸಾಕಾಗುತ್ತದೆ, ಏಕೆಂದರೆ ಸಿಪಿವಿಸಿ 3 ಮೀಟರ್ ಮತ್ತು ಅದಕ್ಕಿಂತ ಉದ್ದದ ತುಂಡುಗಳಲ್ಲೇ ಬರುತ್ತದೆ. ‘ಉಳಿದ ತುಂಡು ವ್ಯರ್ಥವಾಗುತ್ತದೆ’ ಎಂದು ನಡುವೆ ಕಪ್ಲಿಂಗ್ ಹಾಕಿ ಕೂಡಿಸಲು ಹೋದರೆ ಒಪ್ಪಬೇಡಿ. ಮುಂದೆ ಗೋಡೆಗೆ ಏನಾದರೂ ಮೊಳೆ ಹೊಡೆಯುವವರಿಗೂ ಇದರಿಂದ ಅನುಕೂಲ: ಪೈಪು ನಲ್ಲಿಯ ನೇರ ಮೇಲಕ್ಕೇ ಇದೆ, ಅಡ್ಡಕ್ಕೆ ಎಲ್ಲೂ ಇಲ್ಲ ಎಂಬುದು ನಲ್ಲಿಯನ್ನು ನೋಡಿದರೇ ತಿಳಿಯುತ್ತದೆ.

ಗೋಡೆಯಲ್ಲಿ ಉಳಿಯುವ ಆ ಒಂದು ಎಲ್ಬೋವನ್ನು ಕೂರಿಸುವ ಆಳ ಬಹಳ ಮುಖ್ಯ. ಪ್ಲಾಸ್ಟರ್ 12ರಿಂದ 15 ಮಿ.ಮೀ., ಅದರ ಮೇಲೆ ಅಂಟು ಮತ್ತು ಟೈಲ್ಸ್ ಸೇರಿ ಇನ್ನೊಂದು 12ರಿಂದ 15 ಮಿ.ಮೀ. ಬರುತ್ತದೆ. ಇಟ್ಟಿಗೆ ಗೋಡೆಯ ಮಟ್ಟಕ್ಕೇ ಎಲ್ಬೋ ಕೂರಿಸಿದರೆ ಟೈಲ್ಸ್ ಮುಗಿದಾಗ ಅದರ ಬಾಯಿ ಸುಮಾರು ಒಂದು ಅಂಗುಲ ಒಳಗೆ ಹೋಗಿರುತ್ತದೆ. ಆಗ ನಲ್ಲಿ ತಲುಪಲೆಂದು ಎಕ್ಸ್‌ಟೆನ್ಷನ್ ನಿಪ್ಪಲ್ ಹಾಕುತ್ತಾರೆ; ಹೀಗೆ ಕಣ್ಣಿಗೆ ಬೀಳದ ಜಾಗದಲ್ಲಿ ಇನ್ನೊಂದು ಥ್ರೆಡ್ ಜಾಯಿಂಟ್ ಹುಟ್ಟಿಕೊಳ್ಳುತ್ತದೆ, ಅದು ಜಿನುಗಿದರೆ ನೀರು ಹೊರಗೆ ಬರುವ ಬದಲು ಟೈಲ್ಸಿನ ಹಿಂಬದಿಯಲ್ಲಿ ಇಳಿಯುತ್ತದೆ. ಎಲ್ಬೋದ ಬಾಯಿ ಟೈಲ್ಸಿನ ಮುಖದೊಂದಿಗೆ ಸಮವಾಗಿದ್ದರೆ ಥ್ರೆಡ್ಡಿನಲ್ಲಾಗುವ ಸೋರಿಕೆ ನಲ್ಲಿಯ ಫ್ಲ್ಯಾಂಜಿನ ಕೆಳಗೆ ತೊಟ್ಟಿಕ್ಕಿ ತನ್ನ ಇರವನ್ನು ತಾನೇ ಹೇಳುತ್ತದೆ, ನಲ್ಲಿ ಬಿಚ್ಚಿ ಟೇಪ್ ಬದಲಿಸಿದರೆ ಕೆಲಸ ಮುಗಿಯುತ್ತದೆ. ಇದಕ್ಕೆ ಯಾವ ಮುಚ್ಚಳವೂ ಬೇಡ. ಪ್ಲಾಸ್ಟರಿಗೆ ಮೊದಲು ಗೋಡೆಯ ಮೇಲೆ ಅಂತಿಮ ಮಟ್ಟದ ಗುರುತಿಗೆ ಟೈಲ್ಸಿನ ಚೂರುಗಳನ್ನು ಅಂಟಿಸಿ, ನೂಲು ಹಿಡಿದು ಎಲ್ಬೋ ಕೂರಿಸಲು ಹೇಳಿ.

ನಿಮ್ಮ ಬಾತ್‌ರೂಮಿನಲ್ಲಿ ಮುಚ್ಚಳವನ್ನು ನಿಜವಾಗಿ ಬೇಡುವ ವಸ್ತು ಷವರಿನ ಡೈವರ್ಟರ್, ಅಂದರೆ ಬಿಸಿನೀರು ತಣ್ಣೀರನ್ನು ಬೆರೆಸಿ ಷವರಿಗೋ ಕೆಳಗಿನ ಸ್ಪೌಟ್ ಎಂಬ ನಲ್ಲಿಯ ಬಾಯಿಗೋ ತಿರುಗಿಸುವ, ಗೋಡೆಯೊಳಗೆ ಕೂರುವ ವಾಲ್ವು. ಅದರಲ್ಲಿ ಎರಡು ಬಗೆಯ ದೋಷ ಬರುತ್ತದೆ. ಒಂದು, ನೀರು ಬಿಡುವ, ಮುಚ್ಚುವ ಒಳಗಿನ ತುಂಡಾದ ಕಾರ್ಟ್ರಿಜ್ ಸವೆದು ನಲ್ಲಿ ಮುಚ್ಚಿದ ಮೇಲೂ ಹನಿಯುವುದು; ಇದು ಮುಂದಿನಿಂದ, ಹಿಡಿ ಮತ್ತು ಪ್ಲೇಟ್ ಬಿಚ್ಚಿ ಸರಿಪಡಿಸುವಂಥದ್ದು. ಅದಕ್ಕೆ ಇರುವ ಷರತ್ತು ಒಂದೇ: ಡೈವರ್ಟರಿನ ಜೊತೆ ಬರುವ ಪ್ಲಾಸ್ಟಿಕ್ ಕವಚದ ಮೇಲೆ ಕನಿಷ್ಠ ಮತ್ತು ಗರಿಷ್ಠ ಆಳದ ಗೆರೆಗಳಿರುತ್ತವೆ, ಟೈಲ್ಸಿನ ಮುಖ ಆ ಎರಡರ ನಡುವೆ ಬರಬೇಕು. ಆಳ ಹೆಚ್ಚಾದರೆ ಕಾರ್ಟ್ರಿಜ್ ಹಿಡಿದಿರುವ ನಟ್ಟಿಗೆ ಸ್ಪ್ಯಾನರ್ ತಲುಪುವುದಿಲ್ಲ. ಎರಡನೆಯ ದೋಷ ಡೈವರ್ಟರಿನ ಮೈಗೆ ಸೇರುವ ಪೈಪುಗಳ ಜಾಯಿಂಟಿನದು: ತಣ್ಣೀರು, ಬಿಸಿನೀರು, ಮೇಲೆ ಷವರಿಗೆ ಮತ್ತು ಕೆಳಗೆ ಸ್ಪೌಟಿಗೆ ಹೋಗುವವು, ಒಟ್ಟು ನಾಲ್ಕು ಥ್ರೆಡ್ ಜಾಯಿಂಟುಗಳು. ಇವು ಮುಂದಿನ ಅಂಗೈಯಗಲದ ರಂಧ್ರದಿಂದ ಸಿಗುವುದಿಲ್ಲ. ಹಿಂದಿನಿಂದ ಹೋಗಬೇಕು, ಇಲ್ಲವೆ ಟೈಲ್ಸ್ ಒಡೆಯಬೇಕು.

ಮುಚ್ಚಳದ ಅಳತೆಯನ್ನು ಕೈ ಹೋದರೆ ಸಾಕು ಎಂದು ನಿರ್ಧರಿಸುವುದು ಎಲ್ಲರೂ ಮಾಡುವ ತಪ್ಪು. ಕೈಯ ಜೊತೆ ಸ್ಪ್ಯಾನರ್ ಹೋಗಬೇಕು, ಹೋಗಿ ಅಲ್ಲಿ ತಿರುಗಬೇಕು. ಪೈಪ್ ರೆಂಚಿನ ಉದ್ದ ಸುಮಾರು 250ರಿಂದ 300 ಮಿ.ಮೀ.; 300 × 300 ಕಿಂಡಿಯ ನಡುವೆ ನಟ್ಟಿದ್ದರೆ ಅದರಿಂದ ಅಂಚಿಗೆ 150 ಮಿ.ಮೀ. ಮಾತ್ರ ದೂರ, ರೆಂಚಿನ ಹಿಡಿ ಕಿಂಡಿಯೊಳಗೆ ಇಳಿಯುವುದೇ ಇಲ್ಲ. ಇನ್ನೊಂದು ಸಂಗತಿಯನ್ನು ಪ್ಲಂಬರುಗಳೂ ಮರೆಯುತ್ತಾರೆ: ಅಂಟಿಸಿದ ಸಿಪಿವಿಸಿ ಜಾಯಿಂಟನ್ನು ಬಿಚ್ಚಲಾಗದು, ಕತ್ತರಿಸಿ ಹೊಸದು ಹಾಕಬೇಕು. ಎರಡು ತುದಿಗಳೂ ಗೋಡೆಯಲ್ಲಿ ಕದಲದೆ ನಿಂತಿದ್ದರೆ ನಡುವೆ ಹೊಸ ಫಿಟ್ಟಿಂಗ್ ತೂರಿಸುವುದು ಹೇಗೆ? ಅದಕ್ಕಾಗಿ ಡೈವರ್ಟರಿಗೆ ಬರುವ ಎರಡೂ ಪೈಪುಗಳಲ್ಲಿ, ಮುಚ್ಚಳದ ಕಿಂಡಿಯೊಳಗೇ, ಮೊದಲು ಒಂದು ಸ್ಟಾಪ್ ಕಾಕ್ ಅಥವಾ ಬಾಲ್ ವಾಲ್ವು, ಅದರ ನಂತರ ಒಂದು ಯೂನಿಯನ್, ಅಂದರೆ ನಟ್ ತಿರುಗಿಸಿ ಬಿಚ್ಚಿ ಮತ್ತೆ ಕೂಡಿಸಬಹುದಾದ ಜಾಯಿಂಟ್, ಹಾಕಿಸಿ. ಯೂನಿಯನ್ ಬಿಚ್ಚಿದರೆ ಪೈಪು ಒಂದಿಷ್ಟು ಸರಿಯುತ್ತದೆ, ಕತ್ತರಿಸಿದ ತುದಿಗೆ ಹೊಸ ತುಂಡು ಕೂರಿಸಲು ಜಾಗ ಸಿಗುತ್ತದೆ. ಷವರ್ ಮತ್ತು ಸ್ಪೌಟಿನ ಪೈಪುಗಳಲ್ಲೂ ಒಂದೊಂದು ಯೂನಿಯನ್ ಇರಲಿ. ಯೂನಿಯನ್ ಕೂಡ ಒಂದು ಜಾಯಿಂಟೇ, ಅದೂ ಸೋರಬಹುದು ಎಂಬ ಆಕ್ಷೇಪ ನ್ಯಾಯವೇ. ಆದರೆ ಅದು ಕಣ್ಣೆದುರು ಇರುತ್ತದೆ, ರಬ್ಬರ್ ವಾಷರ್ ಬದಲಿಸಿದರೆ ಸಾಕು. ಇದೇ ಕಾರಣಕ್ಕೆ ಮುಚ್ಚಳವಿಲ್ಲದ ಗೋಡೆಯೊಳಗೆ ಯೂನಿಯನ್ ಹಾಕುವುದು ದೊಡ್ಡ ತಪ್ಪು.

ಈಗ ನಿಮ್ಮ ಗೋಡೆಯ ಲೆಕ್ಕ. ಟೈಲ್ಸನ್ನು 600 ಅಡ್ಡಕ್ಕೆ, 300 ಎತ್ತರಕ್ಕೆ ಹಾಕಿ, ನಡುವೆ 2 ಮಿ.ಮೀ. ಸಂದು ಬಿಟ್ಟರೆ, ಮೂರನೆಯ ಸಾಲು ಸುಮಾರು 904 ಮಿ.ಮೀ. ಎತ್ತರದಲ್ಲಿ ಮುಗಿದು ನಾಲ್ಕನೆಯ ಸಾಲು 906ರಿಂದ 1206ರವರೆಗೆ ಬರುತ್ತದೆ. ಅದರ ನಡುಮಧ್ಯ 1056. ಡೈವರ್ಟರನ್ನು ಅಲ್ಲಿ ಇಟ್ಟರೆ ನಿಂತವರ ಕೈಗೆ ಸಲೀಸಾಗಿ ಸಿಗುವ ಎತ್ತರವೂ ಆಯಿತು, ಟೈಲಿನ ನಡುವೆ ಒಂದೇ ದುಂಡನೆಯ ರಂಧ್ರ ಕೊರೆದರೂ ಆಯಿತು. ಹಿಂಬದಿಯ ಮಲಗುವ ಕೋಣೆಯಲ್ಲಿ ಕಿಂಡಿಯ ಅಳತೆ 450 ಅಗಲ, 600 ಎತ್ತರ ಇರಲಿ. ಪೈಪುಗಳು ಮೇಲಿನಿಂದ ಬರುವುದರಿಂದ ವಾಲ್ವು ಮತ್ತು ಯೂನಿಯನ್ ಡೈವರ್ಟರಿನ ಮೇಲ್ಭಾಗದಲ್ಲಿ ಬರುತ್ತವೆ. ಹಾಗಾಗಿ ಕಿಂಡಿಯ ತಳ ಬಾತ್‌ರೂಂ ನೆಲದಿಂದ 850, ತಲೆ 1450 ಇಟ್ಟುಕೊಂಡರೆ ಡೈವರ್ಟರಿನ ಕೆಳಗೆ ಸುಮಾರು 200, ಮೇಲೆ ಸುಮಾರು 400 ಮಿ.ಮೀ. ಜಾಗ ಸಿಗುತ್ತದೆ. ಮಲಗುವ ಕೋಣೆಯ ನೆಲ ಬಾತ್‌ರೂಮಿನದಕ್ಕಿಂತ ಎಷ್ಟು ಎತ್ತರವಿದೆಯೋ ಅಷ್ಟನ್ನು ಆ ಬದಿಯಿಂದ ಅಳೆಯುವಾಗ ಕಳೆಯಬೇಕು. ಈ ಕಿಂಡಿ ಬಿಡುವ ಮೊದಲು ರಟ್ಟಿನಲ್ಲಿ ಅಷ್ಟೇ ಅಳತೆಯ ಚೌಕಟ್ಟು ಕತ್ತರಿಸಿ, ಡೈವರ್ಟರನ್ನೂ ವಾಲ್ವುಗಳನ್ನೂ ಅದರ ಹಿಂದೆ ಹಲಗೆಯ ಮೇಲೆ ಜೋಡಿಸಿ, ಪ್ಲಂಬರ್ ತಮ್ಮದೇ ರೆಂಚಿನಿಂದ ಯೂನಿಯನ್ ಬಿಚ್ಚಿ ತೋರಿಸಲಿ. ಬಿಚ್ಚಲು ಆಗದಿದ್ದರೆ ಅಳತೆ ಬದಲಿಸಲು ಆಗ ಖರ್ಚೇನೂ ಇಲ್ಲ.

ಕಿಂಡಿಯನ್ನು ಕಟ್ಟುವ ಬಗೆಯನ್ನು ಮೇಸ್ತ್ರಿಗೆ ಮೊದಲೇ ಹೇಳಬೇಕು. ಆ ಗೋಡೆ ಭಾರ ಹೊರುವ ಗೋಡೆಯಾಗಿದ್ದರೆ ಎಂಜಿನಿಯರನ್ನು ಕೇಳದೆ ಮುಟ್ಟಬಾರದು. ನಾಲ್ಕಿಂಚಿನ ಅಡ್ಡಗೋಡೆಯಾಗಿದ್ದರೆ ಕಿಂಡಿಯ ಮೇಲೆ ಒಂದು ಚಿಕ್ಕ ಲಿಂಟಲ್ ಸಾಕು, ಅದು ಎರಡೂ ಬದಿಗೆ 150 ಮಿ.ಮೀ. ಇಟ್ಟಿಗೆಯ ಮೇಲೆ ಕೂರಲಿ. ಮೇಲಿನಿಂದ ಬರುವ ಪೈಪುಗಳು ಇಳಿಯಲು ಅದರಲ್ಲಿ ಎರಕ ಹೊಯ್ಯುವಾಗಲೇ ತೋಳು ಪೈಪುಗಳನ್ನು ಇಡಬೇಕು, ಆಮೇಲೆ ಒಡೆಯುವಂತಾಗಬಾರದು. ಕಿಂಡಿ ಗೋಡೆಯ ಈಚೆಯಿಂದ ಆಚೆಯವರೆಗೆ ತೆರೆದೇ ಇರುವುದರಿಂದ ಬಾತ್‌ರೂಂ ಬದಿಯಲ್ಲಿ ಟೈಲ್ಸಿಗೆ ಆಧಾರ ಬೇಕು. ಅಲ್ಲಿ 12 ಮಿ.ಮೀ. ಅಥವಾ ಅದಕ್ಕಿಂತ ದಪ್ಪದ ಸಿಮೆಂಟ್ ಬೋರ್ಡನ್ನು ಕಬ್ಬಿಣದ ಆ್ಯಂಗಲ್ ಚೌಕಟ್ಟಿಗೆ ಸ್ಕ್ರೂ ಹಾಕಿ ನಿಲ್ಲಿಸಿ, ಇಟ್ಟಿಗೆ ಮತ್ತು ಬೋರ್ಡ್ ಕೂಡುವ ಸಂದಿಗೆ ಜಾಲರಿ ಪಟ್ಟಿ ಹಾಕಿ, ಗೋಡೆಯ ಉಳಿದ ಭಾಗಕ್ಕೆ ಬಳಿಯುವ ವಾಟರ್‌ಪ್ರೂಫಿಂಗನ್ನು ಅದರ ಮೇಲೂ ಎಳೆಯಬೇಕು. ಚೌಕಟ್ಟಿಗೆ ತುಕ್ಕು ಹಿಡಿಯದ ಲೇಪನ ಇರಲೇಬೇಕು. ಡೈವರ್ಟರನ್ನು ಬೋರ್ಡಿಗೆ ತೂಗುಹಾಕದೆ ಅಡ್ಡ ಹಾಕಿದ ಎರಡು ಕಬ್ಬಿಣದ ಪಟ್ಟಿಗಳಿಗೆ ಬೋಲ್ಟ್ ಮಾಡಿಸಿ. ದಿನವೂ ಹಿಡಿ ತಿರುಗಿಸುವ ಬಲವನ್ನು ಆ ಪಟ್ಟಿಗಳು ಹೊರಬೇಕೇ ಹೊರತು ಪೈಪುಗಳಲ್ಲ. ಕಿಂಡಿಯ ತಳಕ್ಕೆ ಮಲಗುವ ಕೋಣೆಯ ಕಡೆಗೆ ತುಸು ಇಳಿಜಾರು ಕೊಟ್ಟು ಸಿಮೆಂಟ್ ಹಚ್ಚಿದರೆ, ಒಳಗೆ ಹನಿ ಬಿದ್ದರೆ ಅದು ಮುಚ್ಚಳದ ಬುಡದಲ್ಲೇ ಕಾಣಿಸಿಕೊಳ್ಳುತ್ತದೆ.

ಮುಚ್ಚಳಕ್ಕೆ ಬಾಗಿಲು, ಕೀಲು, ಬೀಗದ ಗೊಡವೆ ಬೇಡ. ಅಲ್ಯೂಮಿನಿಯಂ ಅಥವಾ ಸಿಮೆಂಟ್ ಬೋರ್ಡಿನ ಹಲಗೆಯನ್ನು ನಾಲ್ಕು ಮೂಲೆಯಲ್ಲಿ ಸ್ಕ್ರೂ ಹಾಕಿ ನಿಲ್ಲಿಸಿದರೆ ಸಾಕು; ಗಾಳಿಯಾಡಲು ಮೇಲೆ ಕೆಳಗೆ ಒಂದೆರಡು ಸೀಳು ಬಿಡಿ. ತೊಂದರೆ ಬರುವುದು ಬಡಗಿ ಬಂದಾಗ. ವಾರ್ಡ್‌ರೋಬಿನ ಹಿಂಬದಿಯ ಪ್ಲೈವುಡ್ಡನ್ನು ಒಂದೇ ಹಾಳೆಯಾಗಿ ಹೊಡೆದು, ಮುಚ್ಚಳದ ನಟ್ಟನಡುವೆ ಅಡ್ಡ ಹಲಗೆಯನ್ನೋ ಡ್ರಾಯರನ್ನೋ ಇಟ್ಟುಬಿಡುತ್ತಾರೆ. ಪ್ಲೈವುಡ್ಡಿನಲ್ಲಿ ಕಿಂಡಿಗಿಂತ ಸುತ್ತಲೂ 25 ಮಿ.ಮೀ. ದೊಡ್ಡದಾದ ತುಂಡನ್ನು ಬೇರೆಯಾಗಿ, ಸ್ಕ್ರೂ ಬಿಚ್ಚಿ ತೆಗೆಯುವಂತೆ ಮಾಡಲು ನಕ್ಷೆಯಲ್ಲೇ ಬರೆದುಕೊಡಿ. ಆ ಭಾಗ ಬಟ್ಟೆ ತೂಗುಹಾಕುವ ಖಾನೆಯಲ್ಲಿ ಬಂದರೆ ಅತ್ಯುತ್ತಮ, ಹ್ಯಾಂಗರುಗಳನ್ನು ಬದಿಗೆ ಸರಿಸಿದರೆ ಮುಚ್ಚಳ ಎದುರಿಗೇ ಇರುತ್ತದೆ. ಬಣ್ಣದವರಿಗೂ ಒಂದು ಮಾತು ಹೇಳಿರಬೇಕು, ಇಲ್ಲದಿದ್ದರೆ ಮುಚ್ಚಳದ ಸಂದಿಗೆ ಪುಟ್ಟಿ ತುಂಬಿ ಗೋಡೆಯಲ್ಲಿ ಒಂದಾಗಿಸುತ್ತಾರೆ.

ಹಿಂಬದಿಯಲ್ಲಿ ಒಣ ಜಾಗವೇ ಇಲ್ಲದ ಗೋಡೆಗಳಲ್ಲಿ ಮಾತ್ರ ಬಾತ್‌ರೂಂ ಬದಿಯಲ್ಲೇ ಮುಚ್ಚಳ ಬೇಕಾಗುತ್ತದೆ. ಅದಕ್ಕೆ ಟೈಲನ್ನೇ ಅಂಟಿಸಿಕೊಳ್ಳುವ ತಟ್ಟೆಯಂಥ ಚೌಕಟ್ಟುಗಳಿವೆ. ಆಯಸ್ಕಾಂತದಿಂದ ಅಥವಾ ಒತ್ತಿದರೆ ತೆರೆಯುವ ಚಿಲಕದಿಂದ ನಿಲ್ಲುತ್ತವೆ. ಮುಚ್ಚಳದ ಅಂಚು ಟೈಲ್ಸಿನ ಸಂದಿನ ಮೇಲೆಯೇ ಬರಬೇಕು, ಅಂದರೆ ಅದರ ಅಳತೆ ಪೂರ್ತಿ ಒಂದು ಟೈಲು ಅಥವಾ ಮೇಲೆ ಕೆಳಗೆ ಎರಡು. ನಿಮ್ಮ ಅಳತೆಯಲ್ಲಿ ಎರಡು ಟೈಲು ಸೇರಿ 600 × 602 ಆಗುತ್ತದೆ, 10 ಮಿ.ಮೀ. ದಪ್ಪದ ವಿಟ್ರಿಫೈಡ್ ಆದರೆ ಟೈಲಿನ ತೂಕವೇ ಸುಮಾರು 8 ಕೆ.ಜಿ., ಅದನ್ನು ಬರೀ ಆಯಸ್ಕಾಂತದ ಮೇಲೆ ಬಿಡದೆ ಕೆಳಗೆ ಕೂರಲು ಒಂದು ತುಟಿ ಇರಬೇಕು. ಇದರ ಸಂದಿಗೆ ಗ್ರೌಟ್ ಬಾರದು, ಸಿಲಿಕೋನೇ ಬೇಕು. ಹಾಳಾಗುವುದು ಇಲ್ಲಿಯೇ: ಗ್ರೌಟ್ ತುಂಬುವ ಹುಡುಗ ಇಡೀ ಗೋಡೆಗೆ ಒಂದೇ ಸಮ ಎಳೆದುಬಿಡುತ್ತಾನೆ, ಮುಂದೆ ಮುಚ್ಚಳ ತೆಗೆಯುವಾಗ ಟೈಲಿನ ಅಂಚು ಒಡೆಯುತ್ತದೆ. ಗ್ರೌಟಿನ ಹಿಂದಿನ ದಿನವೇ ಆ ನಾಲ್ಕು ಸಂದಿಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ತೆರೆಯುವಾಗ ಸಿಲಿಕೋನನ್ನು ಬ್ಲೇಡಿನಿಂದ ಕತ್ತರಿಸಿ, ಗಾಜು ಎತ್ತುವ ಸಕ್ಷನ್ ಹಿಡಿಯಿಂದ ಎಳೆಯಬೇಕು, ಮುಚ್ಚಿದ ಮೇಲೆ ಹೊಸದಾಗಿ ಹಚ್ಚಬೇಕು. ಷವರಿನ ನೀರು ನೇರ ಬೀಳುವ ಜಾಗದಲ್ಲಿ ಇಂಥ ಮುಚ್ಚಳವನ್ನು ನಾನು ಒಪ್ಪುವುದಿಲ್ಲ. ಸಿಲಿಕೋನ್ ಬಿಟ್ಟ ದಿನ ರಿಪೇರಿಗೆಂದು ಬಿಟ್ಟ ಕಿಂಡಿಯೇ ಸೋರಿಕೆಯ ಬಾಯಿಯಾಗುತ್ತದೆ.

ಫಾಲ್ಸ್ ಸೀಲಿಂಗಿನಲ್ಲಿ ಒಂದು 450 × 450 ಮುಚ್ಚಳ ಸಾಕು, ಆದರೆ ಅದು ಟೀಗಳು ಗುಂಪಾಗಿರುವ ಕಡೆ, ಏಣಿ ನಿಲ್ಲಿಸಲು ಜಾಗವಿರುವ ಕಡೆ ಬರಬೇಕು, ಕಮೋಡಿನ ನೆತ್ತಿಯ ಮೇಲಲ್ಲ. ಇಡೀ ಬಾತ್‌ರೂಮಿನ ನೀರು ನಿಲ್ಲಿಸುವ ಎರಡು ವಾಲ್ವುಗಳೂ ಇಲ್ಲೇ ಇರಲಿ, ಮುಚ್ಚಳ ತೆಗೆದ ಕೂಡಲೇ ಕೈಗೆ ಸಿಗುವಂತೆ. ಗೀಸರಿನ ಮತ್ತು ಬೇಸಿನ್ನಿನ ಹೆಣೆದ ಹೋಸುಗಳಿಗೆ ಆಯುಷ್ಯ ಸೀಮಿತ, ಅವುಗಳನ್ನು ಗೋಡೆಯೊಳಗೂ ಸೀಲಿಂಗಿನ ಮೇಲೂ ಅಡಗಿಸಬಾರದು. ಗೋಡೆಗೆ ತೂಗುವ ಕಮೋಡ್ ಹಾಕಿಸುವುದಾದರೆ ಅದರ ಟ್ಯಾಂಕಿಗೆ ಫ್ಲಷ್ ಪ್ಲೇಟಿನ ಕಿಂಡಿಯೇ ಮುಚ್ಚಳ. ಒಳಗಿನ ಭಾಗಗಳು ಅದರ ಮೂಲಕವೇ ಹೊರಬರುವಂತೆ ಮಾಡಿರುತ್ತಾರೆ, ಟೈಲ್ಸಿನವರು ಆ ಕಿಂಡಿಯನ್ನು ಕಿರಿದು ಮಾಡದಂತೆ ನೋಡಿಕೊಂಡರೆ ಸಾಕು.

ನೆಲದ ಕೆಳಗಿನ ಕೊಳೆನೀರಿನ ಪೈಪು ಬೇರೆಯದೇ ಸಮಸ್ಯೆ. ಸಂಕನ್ ಸ್ಲ್ಯಾಬಿನಲ್ಲಿ, ಅಂದರೆ ಪೈಪು ಹಾಕಲೆಂದು ತಗ್ಗಿಸಿ ಎರೆದ ಬಾತ್‌ರೂಂ ಸ್ಲ್ಯಾಬಿನಲ್ಲಿ, ಇಟ್ಟಿಗೆ ಚೂರು ತುಂಬಿ ಮೇಲೆ ನೆಲ ಹಾಕಿದ ಮೇಲೆ ನೆಲದ ಜಾಲರಿಯ ಕೆಳಗಿನ ಟ್ರ್ಯಾಪಿನ ಜಾಯಿಂಟಿಗೆ ಯಾವ ಮುಚ್ಚಳವೂ ತಲುಪುವುದಿಲ್ಲ. ಕೆಳಗಿನ ಮಹಡಿಯೂ ನಿಮ್ಮದೇ ಆಗಿದ್ದರೆ ಪೈಪುಗಳನ್ನು ಸ್ಲ್ಯಾಬಿನ ಅಡಿಯಲ್ಲಿ ತೂಗುಹಾಕಿ, ಕೆಳಗಿನ ಸೀಲಿಂಗಿನಲ್ಲಿ ಮುಚ್ಚಳ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ಸಂಕನ್ ಭಾಗದ ತಳವನ್ನು ಒಂದು ಮೂಲೆಗೆ ಇಳಿಜಾರಾಗಿ ವಾಟರ್‌ಪ್ರೂಫ್ ಮಾಡಿಸಿ, ಆ ಮೂಲೆಯಿಂದ ಒಂದು ಸಣ್ಣ ಪೈಪನ್ನು ಡಕ್ಟಿಗೆ ತೆಗೆದು ಬಾಯಿ ತೆರೆದೇ ಬಿಡಿ, ದೊಡ್ಡ ಪೈಪಿಗೆ ಸೇರಿಸಬೇಡಿ. ಅದರಲ್ಲಿ ನೀರು ತೊಟ್ಟಿಕ್ಕಿದರೆ ನೆಲದಡಿ ಏನೋ ಸೋರುತ್ತಿದೆ ಎಂದು, ಕೆಳಗಿನ ಛಾವಣಿ ಒದ್ದೆಯಾಗುವ ಮೊದಲೇ, ತಿಳಿಯುತ್ತದೆ. ಅದನ್ನು ನೋಡಲು ಡಕ್ಟಿಗೆ ಬಾಗಿಲಿರಬೇಕು. ಒಳಗೆ ಆಳು ಹೊಕ್ಕು ಭುಜ ತಿರುಗಿಸಿ ಕೆಲಸ ಮಾಡಬೇಕಾದರೆ ಪೈಪುಗಳನ್ನು ಬಿಟ್ಟು 600 ಮಿ.ಮೀ. ಖಾಲಿ ಜಾಗ ಬೇಕು.

ಪ್ಲಾಸ್ಟರಿಗೆ ಮೊದಲು ಒತ್ತಡದ ಪರೀಕ್ಷೆ ಮಾಡಿಸಿ. ಟ್ಯಾಂಕಿನ ನೀರು 10 ಮೀಟರ್ ಮೇಲಿನಿಂದ ಬಂದರೆ ಅದರ ಒತ್ತಡ ಸುಮಾರು 1 ಬಾರ್ ಮಾತ್ರ, ಅಷ್ಟಕ್ಕೆ ಹಿಡಿದು ನಿಂತ ಕೆಟ್ಟ ಜಾಯಿಂಟ್ ಮುಂದೆ ಪ್ರೆಷರ್ ಪಂಪ್ ಹಾಕಿಸಿದ ದಿನ ಬಿಡಬಹುದು. ಆದ್ದರಿಂದ ಅಂಟು ಪೂರ್ತಿ ಒಣಗಲು ಬಿಟ್ಟು, ಕೈಪಂಪಿನಿಂದ ಪೈಪಿನ ತಯಾರಕರು ಹೇಳಿದ ಪರೀಕ್ಷಾ ಒತ್ತಡಕ್ಕೆ ಏರಿಸಿ. ಪ್ಲಾಸ್ಟಿಕ್ ಪೈಪು ಹಿಗ್ಗುವುದರಿಂದ ಮೊದಲು ಮಾಪಕದ ಮುಳ್ಳು ತುಸು ಇಳಿಯುತ್ತದೆ. ಮತ್ತೆ ಏರಿಸಿದ ಮೇಲೆ ನಿಲ್ಲಬೇಕು, ನಿಲ್ಲದಿದ್ದರೆ ಜಾಯಿಂಟುಗಳನ್ನು ಒಂದೊಂದಾಗಿ ಒಣ ಬಟ್ಟೆಯಿಂದ ಒರೆಸಿ ನೋಡಬೇಕು. ಪರೀಕ್ಷೆ ನೀರಿನಿಂದಲೇ ಆಗಬೇಕು. ಗಾಳಿ ತುಂಬಿ ನೋಡುತ್ತೇವೆ ಎಂದರೆ ಬಿಡಬೇಡಿ, ಪೈಪು ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಪರೀಕ್ಷೆಯ ಮಾಪಕವನ್ನು ಪ್ಲಾಸ್ಟರ್ ಮತ್ತು ಟೈಲ್ಸ್ ಮುಗಿಯುವವರೆಗೂ ಕಡಿಮೆ ಒತ್ತಡದಲ್ಲಿ ಹಾಗೇ ಇಟ್ಟರೆ, ಯಾರಾದರೂ ಪೈಪಿಗೆ ಉಳಿ ತಾಗಿಸಿದ್ದು ಅಂದೇ ಗೊತ್ತಾಗುತ್ತದೆ. ಇದೇ ಹಂತದಲ್ಲಿ ಪ್ರತಿ ಗೋಡೆಯ ಫೋಟೋವನ್ನು ಅಳತೆ ಟೇಪನ್ನು ಬಿಚ್ಚಿಟ್ಟು ತೆಗೆಯಿರಿ, ಒಂದು ಮೂಲೆ ಮತ್ತು ನೆಲದ ಮಟ್ಟ ಅದರಲ್ಲಿ ಕಾಣಲಿ.

ಇಷ್ಟೆಲ್ಲ ಆದ ಮೇಲೂ ವಾರ್ಡ್‌ರೋಬಿನ ಗೋಡೆಯಲ್ಲಿ ತೇವ ಕಂಡರೆ ಮೊದಲು ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದು ನೋಡಿ. ಒಳಗಿನ ಜಾಯಿಂಟುಗಳು ಒಣಗಿದ್ದು ತೇವ ಮಾತ್ರ ಇದ್ದರೆ, ಸೀಲಿಂಗಿನ ಎರಡೂ ವಾಲ್ವು ಮುಚ್ಚಿ ಒಂದೆರಡು ದಿನ ಷವರ್ ಬಳಸಬೇಡಿ. ತೇವ ಆರತೊಡಗಿದರೆ ವಾಲ್ವು ತೆರೆದು, ಷವರ್ ಮಾತ್ರ ಹಾಕದೆ ಮತ್ತೆರಡು ದಿನ ಕಾಯಿರಿ. ಬಳಸದಿದ್ದರೂ ತೇವ ಮರಳಿ ಬಂದರೆ ಸದಾ ಒತ್ತಡದಲ್ಲಿರುವ ಪೈಪು ಸೋರುತ್ತಿದೆ. ಬಾರದಿದ್ದರೆ ಒಂದು ಬಕೆಟ್ ಬಣ್ಣದ ನೀರನ್ನು ಗೋಡೆಗೆ ತಾಗದಂತೆ ಟ್ರ್ಯಾಪಿಗೆ ಹೊಯ್ದು ನೋಡಿ. ಡಕ್ಟಿಗೆ ತೆಗೆದ ಪೈಪಿನಲ್ಲಿ ಬಣ್ಣ ಬಂದರೆ ಟ್ರ್ಯಾಪಿನ ಜಾಯಿಂಟ್ ಹೋಗಿದೆ. ಅದೂ ಬಾರದೆ ಗೋಡೆಗೆ ನೀರು ಎರಚಿದಾಗ ಮಾತ್ರ ತೇವ ಕಂಡರೆ ದೋಷ ಪೈಪಿನದಲ್ಲ, ಟೈಲ್ಸಿನ ಸಂದಿನದು ಅಥವಾ ಡೈವರ್ಟರ್ ಪ್ಲೇಟಿನ ಸುತ್ತಲಿನ ಸಿಲಿಕೋನಿನದು. ಪೈಪಿನ ಮೇಲೆ ಅನುಮಾನಪಟ್ಟು ಒಡೆದ ಟೈಲ್ಸುಗಳಲ್ಲಿ ಒಂದು ದೊಡ್ಡ ಪಾಲು ಈ ಕೊನೆಯ ಕಾರಣಕ್ಕೆ ಸೇರಿದ್ದು, ಅದಕ್ಕೆ ಬೇಕಾದದ್ದು ಹಳೆಯ ಗ್ರೌಟ್ ಕೆರೆದು ಹೊಸದು ತುಂಬುವುದು, ಪ್ಲೇಟಿನ ಮೇಲಂಚಿಗೆ ಸಿಲಿಕೋನ್ ಹಚ್ಚಿ ಕೆಳಗಂಚನ್ನು ನೀರು ಹೊರಬರಲು ತೆರೆದಿಡುವುದು, ಅಷ್ಟೇ.